ಇದ್ದದ್ದು ಇದ್ದ ಹಾಗೆ ಬರೆಯಿರಿ: ಹಲ್ಲಿನ ಕ್ಲಿನಿಕ್ಕಿನ ಒಂದು ವಿನಂತಿ

ಹಲ್ಲಿನ ಡಾಕ್ಟರ ಬಳಿ ಹೋಗಿಬಂದ ಮೇಲೆ ಈಗ ಔಷಧಿ ಚೀಟಿಯ ಜೊತೆಗೆ ಮೊಬೈಲಿಗೊಂದು ಸಂದೇಶವೂ ಬರುತ್ತದೆ. ಹೆಚ್ಚಿನವು ‘ನಮಗೆ ಐದು ಸ್ಟಾರ್ ಕೊಡಿ’ ಎಂದು ನೇರವಾಗಿ ಕೇಳುತ್ತವೆ. ಕೆಲವು ಕ್ಲಿನಿಕ್‌ಗಳು ಹಾಗೆ ಕೇಳುವುದಿಲ್ಲ. ಅಂಥ ಕ್ಲಿನಿಕ್ ಕಳಿಸುವ ಸಂದೇಶ ಹೆಚ್ಚುಕಡಿಮೆ ಹೀಗಿರುತ್ತದೆ:

“ನಮಸ್ಕಾರ. ಕಳೆದ ತಿಂಗಳು ನಮ್ಮಲ್ಲಿಗೆ ಬಂದ ಎಲ್ಲರಿಗೂ ಈ ಸಂದೇಶ ಕಳಿಸುತ್ತಿದ್ದೇವೆ. ಬಿಡುವಾದಾಗ ನಿಮ್ಮ ಅನುಭವವನ್ನು ಇದ್ದದ್ದು ಇದ್ದ ಹಾಗೆ ಗೂಗಲ್‌ನಲ್ಲಿ ಬರೆದರೆ ಉಪಕಾರವಾಗುತ್ತದೆ. ಚೆನ್ನಾಗಿದ್ದದ್ದನ್ನೂ ಬರೆಯಿರಿ, ಸರಿಹೋಗದ್ದನ್ನೂ ಬರೆಯಿರಿ. ಬರೆಯದಿದ್ದರೂ ಬೇಸರವಿಲ್ಲ, ನಿಮ್ಮ ಮುಂದಿನ ಚಿಕಿತ್ಸೆಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ನೋವು, ಊತ ಏನಾದರೂ ಇದ್ದರೆ ಮೊದಲು ನಮಗೆ ಫೋನ್ ಮಾಡಿ.”

ಆರೇ ವಾಕ್ಯ. ಆದರೆ ಬರೆದವರು ಯೋಚಿಸಿ ಬರೆದಿದ್ದಾರೆ. ‘ಎಲ್ಲರಿಗೂ’ ಎಂದಿದ್ದಾರೆ, ನಗುತ್ತ ಹೊರಗೆ ಹೋದವರಿಗೆ ಮಾತ್ರ ಅಲ್ಲ. ಸ್ಟಾರ್ ಎಷ್ಟು ಕೊಡಬೇಕೆಂದು ಹೇಳಿಲ್ಲ. ರಿಯಾಯಿತಿಯ ಆಸೆ ತೋರಿಸಿಲ್ಲ. ಮುಂದಿನ ಸಲ ಅದೇ ಡಾಕ್ಟರ ಎದುರು ಬಾಯಿ ತೆರೆದು ಕೂರಬೇಕಾದವರಿಗೆ ಇರುವ ಅಳುಕನ್ನು ತಿಳಿದು, ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಭರವಸೆ ಕೊಟ್ಟಿದ್ದಾರೆ. ಯಾವ ಹಲ್ಲು, ಯಾವ ಚಿಕಿತ್ಸೆ ಎಂಬ ಮಾತೂ ಇಲ್ಲ. ಮನೆಯಲ್ಲಿ ಮೊಬೈಲನ್ನು ನಾಲ್ಕು ಜನ ನೋಡುತ್ತಾರೆ, ಕಟ್ಟಿಸಿಕೊಂಡ ಹಲ್ಲಿನ ಸುದ್ದಿ ಎಲ್ಲರಿಗೂ ತಿಳಿಯಬೇಕೆಂದು ಯಾರೂ ಬಯಸುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ‘ಕಳೆದ ತಿಂಗಳು’ ಎಂಬ ಮಾತು. ಹಲ್ಲಿನ ವಿಷಯದಲ್ಲಿ ಅಭಿಪ್ರಾಯವನ್ನು ಯಾವ ದಿನ ಕೇಳುತ್ತಾರೆ ಎಂಬುದರ ಮೇಲೆ ಅಭಿಪ್ರಾಯವೇ ಬದಲಾಗುತ್ತದೆ. ಅದು ಹೇಗೆಂದು ಒಂದು ಹಲ್ಲನ್ನೇ ಹಿಡಿದು ನೋಡಬಹುದು.

ಪ್ರಾಥಮಿಕ ಶಾಲೆಯ ಮೇಷ್ಟ್ರೊಬ್ಬರು ಎಂದುಕೊಳ್ಳೋಣ, ವಯಸ್ಸು ನಲವತ್ತೈದರ ಆಸುಪಾಸು. ಬಲಗಡೆ ಕೆಳಗಿನ ದೊಡ್ಡ ದವಡೆ ಹಲ್ಲು ಹುಳುಕಾಗಿದೆ. ಬಿಸಿ ಚಹಾ ಕುಡಿದರೆ ಜುಮ್ಮೆನ್ನುತ್ತದೆ, ಲೋಟ ಕೆಳಗಿಟ್ಟ ಮೇಲೂ ಆ ನೋವು ಸುಮಾರು ಹೊತ್ತು ನಿಲ್ಲುತ್ತದೆ, ರಾತ್ರಿ ಮಲಗಿದರೆ ಜಾಸ್ತಿಯಾಗುತ್ತದೆ. ಹುಳುಕು ಹಲ್ಲಿನೊಳಗಿನ ನರದವರೆಗೆ ಇಳಿದಿರುವುದರ ಲಕ್ಷಣ ಇದು. ಡಾಕ್ಟರು ಎಕ್ಸ್‌ರೇ ತೆಗೆದು ನೋಡಿ, ರೂಟ್ ಕೆನಾಲ್ ಮಾಡಬೇಕು ಎನ್ನುತ್ತಾರೆ.

ಸೋಮವಾರ ಮೊದಲ ಸಿಟ್ಟಿಂಗು. ಅಡ್ರಿನಲಿನ್ ಬೆರೆಸಿದ ಲಿಗ್ನೊಕೇನ್ ಇಂಜೆಕ್ಷನ್ ಕೊಟ್ಟು ಮರಗಟ್ಟಿಸುತ್ತಾರೆ. ಹಲ್ಲಿನ ಮೇಲ್ಭಾಗ ಕೊರೆದು, ಒಳಗಿನ ಸೋಂಕಿನ ನರವನ್ನು ತೆಗೆಯುತ್ತಾರೆ. ಆ ಹಲ್ಲಿನ ಬೇರಿನಲ್ಲಿ ಸಾಮಾನ್ಯವಾಗಿ ಮೂರು ನಾಳ ಇರುತ್ತವೆ, ಕೆಲವರಿಗೆ ನಾಲ್ಕು. ಒಂದೊಂದರ ಉದ್ದವನ್ನೂ ಅಳೆದು, ಸೂಜಿಯಂಥ ಫೈಲುಗಳಿಂದ ಉಜ್ಜಿ, ಸೋಡಿಯಂ ಹೈಪೊಕ್ಲೋರೈಟ್ ದ್ರಾವಣದಿಂದ ತೊಳೆದು, ಒಳಗೆ ಔಷಧ ಇಟ್ಟು, ಮೇಲೆ ತಾತ್ಕಾಲಿಕ ಫಿಲ್ಲಿಂಗ್ ಮುಚ್ಚುತ್ತಾರೆ. ಮುಕ್ಕಾಲು ಗಂಟೆಯ ಕೆಲಸ. ಮೇಷ್ಟ್ರು ಎದ್ದು ಕೌಂಟರಿಗೆ ಬಂದು ದುಡ್ಡು ಕೊಡುತ್ತಿರುವಾಗಲೇ ಸಂದೇಶ ಬಂತು ಎನ್ನಿ. ಮೇಷ್ಟ್ರು ಏನು ಬರೆಯುತ್ತಾರೆ? ‘ನೋವೇ ಆಗಲಿಲ್ಲ, ಅದ್ಭುತ ಕೈಗುಣ, ಐದು ಸ್ಟಾರ್’. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಕೆಳತುಟಿ ಇನ್ನೂ ಮರಗಟ್ಟಿದೆ. ದವಡೆಯ ನರಕ್ಕೆ ಕೊಟ್ಟ ಇಂಜೆಕ್ಷನ್ನಿನ ಪ್ರಭಾವ ತುಟಿಯಲ್ಲಿ ಮೂರು ಗಂಟೆ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಹೊತ್ತು ಇರುತ್ತದೆ. ಆ ಹೊತ್ತಿನಲ್ಲಿ ಹೊಗಳಿಕೆಯ ಬಹುಪಾಲು ಸಲ್ಲಬೇಕಾದದ್ದು ಲಿಗ್ನೊಕೇನಿಗೆ.

ಸೋಮವಾರ ರಾತ್ರಿ ಮರಗಟ್ಟಿದ್ದು ಬಿಡುತ್ತದೆ. ಆ ಹಲ್ಲಿನ ಮೇಲೆ ಕಚ್ಚಿದರೆ ನೋವು. ಮಂಗಳವಾರ ಇನ್ನಷ್ಟು. ಹಲ್ಲಿನೊಳಗಿನ ನರ ತೆಗೆದಾಗಿದೆ, ಆದರೂ ಹಲ್ಲು ಕೂತಿರುವ ಮೂಳೆಯ ಗೂಡಿನ ಸುತ್ತ ಬಾವು ಇದೆ. ಒಳಗೆ ಫೈಲು ಆಡಿಸಿದ್ದರಿಂದ ಅದು ಸ್ವಲ್ಪ ಕೆರಳಿದೆ. ಮೊದಲ ಒಂದೆರಡು ದಿನ ಹೀಗಾಗುವುದು ಸಾಮಾನ್ಯ. ಡಾಕ್ಟರು ಬರೆದುಕೊಟ್ಟ ನೋವಿನ ಮಾತ್ರೆಗೆ ತಗ್ಗುತ್ತದೆ, ಒಂದು ವಾರದೊಳಗೆ ಬಹುತೇಕ ಹೋಗುತ್ತದೆ. ಇದನ್ನು ಯಾರೂ ಮೊದಲೇ ಹೇಳಿರದಿದ್ದರೆ, ಮಂಗಳವಾರ ರಾತ್ರಿ ಹತ್ತು ಗಂಟೆಗೆ ಅದೇ ಮೇಷ್ಟ್ರು ಬರೆಯುವುದು ಬೇರೆಯೇ: ‘ನೋವು ಕಳೆಯಲಿ ಎಂದು ಹೋದರೆ ನೋವು ಜಾಸ್ತಿ ಮಾಡಿ ಕಳಿಸಿದರು. ಒಂದು ಸ್ಟಾರೂ ದಂಡ.’ ಇದೂ ಸುಳ್ಳಲ್ಲ. ಆದರೆ ಹಲ್ಲು ಅದೇ, ಡಾಕ್ಟರೂ ಅವರೇ, ಕೆಲಸವೂ ಅದೇ. ಬದಲಾದದ್ದು ಒಂದೇ ದಿನ.

ಈ ನಡುವೆ ನಿಜವಾಗಿ ತಪ್ಪಾಗಿರುವುದೂ ಸಾಧ್ಯ. ಅದನ್ನು ಗುರುತಿಸುವುದು ಅಷ್ಟೇನೂ ಕಷ್ಟವಲ್ಲ. ಹಲ್ಲು ಕೂಡಿಸಿದಾಗ ಆ ಒಂದು ಹಲ್ಲೇ ಮೊದಲು ತಾಗಿ, ಪ್ರತಿ ಸಲವೂ ಅಲ್ಲೇ ಚುಚ್ಚಿದಂತಾದರೆ ಫಿಲ್ಲಿಂಗ್ ಎತ್ತರವಾಗಿದೆ ಎಂದರ್ಥ. ಬಣ್ಣದ ಕಾಗದ ಕಚ್ಚಿಸಿ, ಎತ್ತರವಾದ ಜಾಗ ನೋಡಿ ಸವೆಸಿದರೆ ಐದು ನಿಮಿಷದಲ್ಲಿ ಸರಿಹೋಗುತ್ತದೆ. ಹಲ್ಲಿನ ಕ್ಲಿನಿಕ್‌ಗಳ ಮೇಲಿನ ಸಿಟ್ಟಿನ ಬರಹಗಳಲ್ಲಿ ಒಂದು ಫೋನಿನಿಂದ, ಐದು ನಿಮಿಷದ ಕೆಲಸದಿಂದ ಮುಗಿಯಬಹುದಾಗಿದ್ದ ಇಂಥ ನೋವುಗಳೂ ಇರುತ್ತವೆ. ಊತ ದಿನದಿನಕ್ಕೆ ಏರುತ್ತಿದ್ದರೆ, ಜ್ವರ ಬಂದರೆ, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟವಾದರೆ ಮಾತ್ರ ಅದು ಕಾಯುವ ವಿಷಯವಲ್ಲ. ಆಗ ಕ್ಲಿನಿಕ್ ಮುಚ್ಚಿದ್ದರೂ ಸರಿ, ಆಸ್ಪತ್ರೆಗೆ ಹೋಗಬೇಕು. ಸಂದೇಶದ ಕೊನೆಯ ವಾಕ್ಯ ಇರುವುದು ಈ ಕಾರಣಕ್ಕೆ.

ಒಂದು ವಾರದ ಮೇಲೆ ಎರಡನೇ ಸಿಟ್ಟಿಂಗಿನಲ್ಲಿ ನಾಳಗಳಿಗೆ ಗಟಾಪರ್ಚಾ ಎಂಬ ರಬ್ಬರಿನಂಥ ವಸ್ತು ತುಂಬಿ ಮುಚ್ಚುತ್ತಾರೆ. ಆಮೇಲೆ ಕ್ಯಾಪಿಗೆ ಅಳತೆ, ಇನ್ನೊಂದು ದಿನ ಕ್ಯಾಪು ಕೂರಿಸುವುದು. ‘ದುಡ್ಡಿಗಾಗಿ ನಾಲ್ಕು ಸಲ ಅಲೆಸಿದರು’ ಎಂಬ ದೂರು ಹುಟ್ಟುವುದು ಇಲ್ಲಿ. ಸೋಂಕು ಹೆಚ್ಚಿದ್ದಾಗ ಮಧ್ಯೆ ಔಷಧವಿಟ್ಟು ಕಾಯುವುದು ಚಿಕಿತ್ಸೆಯ ಭಾಗವೇ. ಎಲ್ಲರಿಗೂ ಅದು ಬೇಕಿಲ್ಲ, ಒಂದೇ ಸಿಟ್ಟಿಂಗಿನಲ್ಲಿ ಮುಗಿಸುವುದೂ ಉಂಟು. ಮೇಷ್ಟ್ರಿಗೆ ಇದರಲ್ಲಿ ಯಾವುದು ಏಕೆ ಎಂದು ಮೊದಲೇ ಹೇಳಿದ್ದರೇ, ಕ್ಯಾಪಿನ ದುಡ್ಡು ಬೇರೆ ಎಂಬುದನ್ನು ಹಲ್ಲು ಕೊರೆಯುವ ಮುಂಚೆ ತಿಳಿಸಿದ್ದರೇ ಎಂಬುದೇ ಕೇಳಬೇಕಾದ ಪ್ರಶ್ನೆ. ಹಲ್ಲಿನ ಕ್ಲಿನಿಕ್ಕಿನಲ್ಲಿ ಜಗಳಕ್ಕೆ ಅತಿ ದೊಡ್ಡ ಕಾರಣ ಕ್ಯಾಪು ಎಂದು ನನಗೆ ಅನ್ನಿಸುತ್ತದೆ. ನರ ತೆಗೆದ ದವಡೆ ಹಲ್ಲು ಕೊರೆದು ಟೊಳ್ಳಾಗಿರುತ್ತದೆ, ಅಗಿಯುವ ಒತ್ತಡಕ್ಕೆ ಸೀಳಬಹುದು, ಅದಕ್ಕೇ ಕ್ಯಾಪು. ಅದು ಬೇಕೆಂದು ಹೇಳುವ ಡಾಕ್ಟರು ಸರಿಯಾದದ್ದನ್ನೇ ಹೇಳುತ್ತಿದ್ದಾರೆ. ಆದರೆ ರೂಟ್ ಕೆನಾಲಿನ ದರ ಮಾತ್ರ ಹೇಳಿ ಕುರ್ಚಿಗೆ ಕೂರಿಸಿ, ಮುಗಿದ ಮೇಲೆ ಕ್ಯಾಪಿನ ದರ ಹೇಳಿದರೆ ರೋಗಿಗೆ ಮೋಸ ಹೋದೆ ಎನ್ನಿಸುವುದು ಸಹಜ, ಆ ಮಾತನ್ನು ಬರೆಯುವ ಹಕ್ಕೂ ಅವರಿಗಿದೆ.

ಇನ್ನೂ ಒಂದು ದಿನ ಇದೆ, ಅದು ಬಹಳ ದೂರದ್ದು. ರೂಟ್ ಕೆನಾಲ್ ಗೆದ್ದಿತೋ ಸೋತಿತೋ ಎಂಬುದು ಗೊತ್ತಾಗುವುದು ತಿಂಗಳುಗಳ ಮೇಲೆ. ಬೇರಿನ ತುದಿಯಲ್ಲಿ ಸೋಂಕು ಮೂಳೆ ತಿಂದಿದ್ದರೆ ಎಕ್ಸ್‌ರೇಯಲ್ಲಿ ಕಪ್ಪು ಮಚ್ಚೆ ಕಾಣುತ್ತದೆ. ಚಿಕಿತ್ಸೆ ಫಲಿಸಿದರೆ ಆ ಜಾಗದಲ್ಲಿ ಮೂಳೆ ನಿಧಾನಕ್ಕೆ ತುಂಬಿಕೊಳ್ಳುತ್ತದೆ. ಅದಕ್ಕೇ ಕನಿಷ್ಠ ಒಂದು ವರ್ಷದ ಮೇಲೆ ಮತ್ತೊಂದು ಎಕ್ಸ್‌ರೇ ತೆಗೆದು ನೋಡುವುದು ಒಳ್ಳೆಯ ರೂಢಿ. ಸ್ಟಾರ್ ಕೊಡುವವರು ಅಷ್ಟು ದಿನ ಕಾಯುವುದಿಲ್ಲ. ಗೂಗಲ್‌ನಲ್ಲಿ ನಾವು ಓದುವ ರೂಟ್ ಕೆನಾಲ್ ಬರಹಗಳೆಲ್ಲ ಬಹುತೇಕ ಮೊದಲ ವಾರದ ಅನುಭವ ಎಂಬುದನ್ನು ನೆನಪಿಟ್ಟುಕೊಂಡೇ ಓದಬೇಕು.

ಬೇರೆ ಚಿಕಿತ್ಸೆಗಳಿಗೂ ಅವುಗಳದೇ ದಿನ ಇದೆ. ಹಲ್ಲು ಕೀಳಿಸಿಕೊಂಡವರಿಗೆ ಗುಳಿಯಲ್ಲಿ ರಕ್ತ ಹೆಪ್ಪುಗಟ್ಟದೆ ಮೂಳೆ ಬರಿದಾಗಿ ತೀವ್ರ ನೋವು ಬರುವುದಿದ್ದರೆ ಅದು ಶುರುವಾಗುವುದು ಎರಡರಿಂದ ನಾಲ್ಕನೇ ದಿನಕ್ಕೆ. ಕ್ಲೀನಿಂಗ್ ಮಾಡಿಸಿಕೊಂಡವರದು ಇನ್ನೊಂದು ಕಥೆ. ‘ಕ್ಲೀನ್ ಮಾಡಿಸಿದ ಮೇಲೆ ಹಲ್ಲು ಸಡಿಲಾಯಿತು, ಸಂದಿ ಬಿತ್ತು’ ಎಂಬ ಮಾತು ಊರೂರಲ್ಲೂ ಕೇಳುತ್ತದೆ. ವರ್ಷಗಟ್ಟಲೆ ಸಂದಿಯಲ್ಲಿ ಕಲ್ಲಿನಂತೆ ಗಟ್ಟಿಯಾದ ಕೊಳೆ ಕೂತು ಒಸಡನ್ನು ಕೆಳಗೆ ತಳ್ಳಿರುತ್ತದೆ, ಮೂಳೆಯನ್ನೂ ಕರಗಿಸಿರುತ್ತದೆ. ಕೊಳೆ ತೆಗೆದಾಗ ಅದು ಮುಚ್ಚಿಟ್ಟಿದ್ದ ಸಂದಿ ಕಾಣುತ್ತದೆ. ಬೇರಿನ ಭಾಗ ಬಯಲಾಗಿ ತಣ್ಣೀರಿಗೆ ಕೆಲ ದಿನ ಜುಮ್ಮೆನ್ನುತ್ತದೆ. ಹಾನಿ ಮಾಡಿದ್ದು ಕೊಳೆ, ಬೈಗುಳ ತಿನ್ನುವುದು ಡಾಕ್ಟರು. ಚಿಕಿತ್ಸೆಗೆ ಮುಂಚೆ ಕನ್ನಡಿ ಹಿಡಿದು ಇದನ್ನು ತೋರಿಸಿದ ಡಾಕ್ಟರಿಗೆ ಇಂಥ ಬೈಗುಳ ಅಷ್ಟಾಗಿ ಬರುವುದಿಲ್ಲ.

ಹಾಗಾದರೆ ರೋಗಿ ಪ್ರಾಮಾಣಿಕವಾಗಿ ಏನನ್ನು ಹೇಳಬಲ್ಲ? ತಾನು ಕಂಡದ್ದನ್ನು, ತನಗೆ ಹೇಳಿದ್ದನ್ನು. ಇದು ಕಡಿಮೆಯೇನಲ್ಲ. ಕುರ್ಚಿಯಲ್ಲಿ ಒರಗಿದವರ ಕಣ್ಣಿಗೆ ಬೀಳುವ ಕೆಲವು ಸಂಗತಿಗಳು ಕ್ಲಿನಿಕ್ಕಿನ ಗುಣವನ್ನು ಚೆನ್ನಾಗಿಯೇ ಹೇಳುತ್ತವೆ. ಉಪಕರಣಗಳನ್ನು ಒಂದು ಕಡೆ ಕಾಗದ, ಇನ್ನೊಂದು ಕಡೆ ಪ್ಲಾಸ್ಟಿಕ್ ಇರುವ ಪೊಟ್ಟಣದಿಂದ ನಿಮ್ಮ ಎದುರೇ ಹರಿದು ತೆಗೆದರೇ? ಆಟೋಕ್ಲೇವ್ ಎಂಬ ಯಂತ್ರದಲ್ಲಿ ಒತ್ತಡದ ಹಬೆಗೆ, 121 ಡಿಗ್ರಿ ಅಥವಾ 134 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಇಟ್ಟ ಪೊಟ್ಟಣದ ಮೇಲಿನ ಗುರುತು ಬಣ್ಣ ಬದಲಿಸಿರುತ್ತದೆ. ಆ ಬಣ್ಣ ನೋಡಿದರೆ ಪೊಟ್ಟಣ ಯಂತ್ರದೊಳಗೆ ಹೋಗಿ ಬಂದಿದೆ ಎಂದು ಗೊತ್ತಾಗುತ್ತದೆ. ಒಳಗಿನ ಕ್ರಿಮಿ ಪೂರ್ತಿ ಸತ್ತಿತೆಂಬುದಕ್ಕೆ ಅದೊಂದೇ ಸಾಕ್ಷಿಯಲ್ಲ, ಅದಕ್ಕೆ ಕ್ಲಿನಿಕ್ ಬೇರೆ ಪರೀಕ್ಷೆ ಮಾಡಬೇಕು. ಡಾಕ್ಟರು ಹಿಂದಿನ ರೋಗಿಯ ಕೈಗವಸು ತೆಗೆದು ಹೊಸದು ಹಾಕಿಕೊಂಡರೇ? ಅದೇ ಕೈಗವಸಿನಲ್ಲಿ ಮೊಬೈಲ್ ಹಿಡಿದರೇ? ರೂಟ್ ಕೆನಾಲ್ ಮಾಡುವಾಗ ಹಲ್ಲಿನ ಸುತ್ತ ರಬ್ಬರ್ ಡ್ಯಾಮ್ ಎಂಬ ತೆಳು ಹಾಳೆ ಬಿಗಿದರೇ? ಎಂಜಲು ಒಳಗೆ ಇಳಿಯದಂತೆ, ಸಣ್ಣ ಫೈಲು ಜಾರಿ ಗಂಟಲಿಗೆ ಬೀಳದಂತೆ ಅದು ತಡೆಯುತ್ತದೆ. ಹಾಕದಿದ್ದರೆ ಏಕೆಂದು ಕೇಳಬಹುದು, ಉತ್ತರ ಏನು ಬಂತೆಂದು ಬರೆಯಲೂಬಹುದು.

ಕಾಣದ ಸಂಗತಿಗಳ ಬಗ್ಗೆ ಮಾತ್ರ ರೋಗಿಗೆ ತೀರ್ಪು ಕೊಡಲಾಗುವುದಿಲ್ಲ. ನಾಲ್ಕನೆಯ ನಾಳವೊಂದು ಇದ್ದು ಅದು ಸಿಗದೆ ಉಳಿಯಿತೇ, ತುಂಬಿದ್ದು ಬೇರಿನ ತುದಿಯ ಹತ್ತಿರದವರೆಗೆ ತಲುಪಿತೇ ಎಂಬುದನ್ನು ನಾಲಗೆ ಆಡಿಸಿ ತಿಳಿಯಲಾಗದು. ಅದನ್ನು ಹೇಳುವುದು ಕೊನೆಯ ಎಕ್ಸ್‌ರೇ. ತುಂಬಿದ ನಾಳ ಬಿಳಿ ಗೆರೆಯಾಗಿ ಕಾಣುತ್ತದೆ. ಅದು ಬೇರಿನ ತುದಿಯಿಂದ ಹೆಚ್ಚೆಂದರೆ 2 ಮಿಲಿಮೀಟರ್ ಒಳಗೆ ನಿಂತಿರಬೇಕು, ತುದಿ ದಾಟಿ ಹೊರಗೆ ಚಾಚಿರಬಾರದು. ಆ ಎಕ್ಸ್‌ರೇಯ ಪ್ರತಿಯನ್ನು ಕೇಳಿ ಇಟ್ಟುಕೊಳ್ಳಿ. ‘ಕೇಳಿದ ಕೂಡಲೇ ಎಕ್ಸ್‌ರೇ ಕೊಟ್ಟರು’ ಎಂಬ ಒಂದು ಸಾಲು ‘ತುಂಬಾ ಒಳ್ಳೆಯ ಡಾಕ್ಟರು’ ಎಂಬ ಹತ್ತು ಸಾಲಿಗಿಂತ ಮುಂದಿನ ರೋಗಿಗೆ ಹೆಚ್ಚು ಉಪಯೋಗ.

ಮೇಷ್ಟ್ರು ಒಂದು ತಿಂಗಳು ಬಿಟ್ಟು ಬರೆದರೆ ಅದು ಹೀಗಿರಬಹುದು: “ಕೆಳ ದವಡೆ ಹಲ್ಲಿಗೆ ರೂಟ್ ಕೆನಾಲ್ ಮತ್ತು ಕ್ಯಾಪ್. ನಾಲ್ಕು ಸಲ ಹೋಗಬೇಕಾಯಿತು, ಕಾರಣ ಮೊದಲೇ ಹೇಳಿದ್ದರು. ಎರಡು ದಿನ ಕಚ್ಚಲು ನೋವಿತ್ತು, ಮಾತ್ರೆಯಿಂದ ಕಡಿಮೆಯಾಯಿತು. ಹೀಗಾಗುತ್ತದೆಂದು ಮಾತ್ರ ಯಾರೂ ಹೇಳಿರಲಿಲ್ಲ. ಉಪಕರಣದ ಪೊಟ್ಟಣ ನನ್ನೆದುರೇ ತೆರೆದರು. ಕ್ಯಾಪಿನ ದರ ಕೊನೆಯಲ್ಲಿ ತಿಳಿಯಿತು, ಮೊದಲೇ ಹೇಳಬೇಕಿತ್ತು. ಹೇಳಿದ ಹೊತ್ತಿಗೆ ಹೋದರೂ ಮುಕ್ಕಾಲು ಗಂಟೆ ಕಾದೆ. ಈಗ ಆ ಕಡೆಯಿಂದಲೇ ಊಟ ಮಾಡುತ್ತಿದ್ದೇನೆ.” ಇದನ್ನು ಓದಿದವರಿಗೆ ಸ್ಟಾರ್ ಎಷ್ಟೆಂದು ನೋಡುವ ಅಗತ್ಯವೇ ಇಲ್ಲ. ಕ್ಲಿನಿಕ್ಕಿನವರಿಗೂ ತಿದ್ದಿಕೊಳ್ಳಬೇಕಾದ ಮೂರು ವಿಷಯ ಸಿಕ್ಕವು, ಮೂರೂ ನಾಳೆಯೇ ತಿದ್ದಿಕೊಳ್ಳಬಹುದಾದವು.

ಇಂಥ ಬರಹ ಇಷ್ಟು ಉಪಯೋಗಕ್ಕೆ ಬರುವಾಗ ಕ್ಲಿನಿಕ್‌ಗಳು ಐದು ಸ್ಟಾರನ್ನೇ ಏಕೆ ಕೇಳುತ್ತವೆ? ಅದಕ್ಕೆ ಉತ್ತರ ಲೆಕ್ಕದಲ್ಲಿದೆ. ಹೊಸದಾಗಿ ತೆರೆದ ಕ್ಲಿನಿಕ್ಕಿಗೆ ಹತ್ತು ಜನ ಬರೆದು ಹತ್ತೂ ಜನ ಐದು ಕೊಟ್ಟಿದ್ದಾರೆ ಎನ್ನಿ. ಹನ್ನೊಂದನೆಯವರು ಒಂದು ಕೊಟ್ಟರೆ ಸರಾಸರಿ 4.6ಕ್ಕೆ ಇಳಿಯುತ್ತದೆ. ಅದೇ ಇನ್ನೂರು ಜನ ಬರೆದಿದ್ದರೆ ಆ ಒಂದು ಸ್ಟಾರ್ ಬಂದರೂ ಸರಾಸರಿ 4.98, ಇಳಿದದ್ದು ಕಣ್ಣಿಗೇ ಕಾಣುವುದಿಲ್ಲ. ಬರೆದವರು ಕಡಿಮೆ ಇದ್ದಾಗ ಒಬ್ಬರ ಕೋಪಕ್ಕೆ ಇಡೀ ಹೆಸರು ತೂಗುತ್ತದೆ. ತಾನಾಗಿ ಬರೆಯುವವರೂ ಬಹಳ ಖುಷಿಯಾದವರು ಅಥವಾ ಬಹಳ ಸಿಟ್ಟಾದವರು; ಕೆಲಸ ಸುಮಾರಾಗಿ ಚೆನ್ನಾಗಿ ಆಗಿ ಮನೆಗೆ ಹೋದ ಹೆಚ್ಚಿನ ಜನ ಸುಮ್ಮನಿರುತ್ತಾರೆ. ಅವರನ್ನು ವಿನಯದಿಂದ ಕೇಳುವುದು ತಪ್ಪಲ್ಲ. ಎಲ್ಲರನ್ನೂ ಕೇಳಿದರೆ ಮಾತ್ರ ಅಲ್ಲಿ ಕಾಣುವ ಸಂಖ್ಯೆಗೆ ಅರ್ಥ ಬರುತ್ತದೆ.

ತಪ್ಪು ಶುರುವಾಗುವುದು ಆರಿಸಿ ಕೇಳಿದಾಗ. ಮೊದಲು ‘ನಿಮಗೆ ತೃಪ್ತಿಯಾಯಿತೇ?’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಕೇಳುತ್ತಾರೆ. ಹೌದು ಎಂದವರಿಗೆ ಗೂಗಲ್ ಲಿಂಕು ಬರುತ್ತದೆ, ಇಲ್ಲ ಎಂದವರಿಗೆ ‘ನಿಮ್ಮ ಮಾತನ್ನು ಗಮನಿಸಿದ್ದೇವೆ’ ಎಂಬ ಉತ್ತರ ಬರುತ್ತದೆ, ಲಿಂಕು ಬರುವುದಿಲ್ಲ. ಹೀಗೆ ಸೋಸುವುದನ್ನು ಗೂಗಲ್‌ನ ನಿಯಮ ಸ್ಪಷ್ಟವಾಗಿ ನಿಷೇಧಿಸುತ್ತದೆ. ಬರೆದವರಿಗೆ ರಿಯಾಯಿತಿ, ಉಚಿತ ಕ್ಲೀನಿಂಗ್, ಟೂತ್‌ಬ್ರಷ್ ಕಿಟ್ ಕೊಡುವುದನ್ನೂ ನಿಷೇಧಿಸುತ್ತದೆ. ನಮ್ಮ ಭಾರತೀಯ ಮಾನಕ ಬ್ಯೂರೋ 2022ರ ನವೆಂಬರಿನಲ್ಲಿ ಆನ್‌ಲೈನ್ ಅಭಿಪ್ರಾಯಗಳಿಗೆಂದೇ IS 19000:2022 ಎಂಬ ಮಾನದಂಡ ತಂದಿತು. ದುಡ್ಡು ಕೊಟ್ಟು ಕೊಂಡ, ಸಂಸ್ಥೆಯವರೇ ಬರೆದ ಅಭಿಪ್ರಾಯಗಳನ್ನು ಪ್ರಕಟಿಸಬಾರದು ಎಂಬುದು ಅದರ ತಿರುಳು. ಬಂದಾಗ ಅದು ಕಡ್ಡಾಯವಾಗಿರಲಿಲ್ಲ, ಸ್ವಇಚ್ಛೆಯದ್ದಾಗಿತ್ತು. ಇದರ ಜೊತೆಗೆ ದಂತವೈದ್ಯರಿಗೆ ಅವರದೇ ವೃತ್ತಿಯ ಕಟ್ಟಳೆಯೂ ಇದೆ. ಭಾರತೀಯ ದಂತ ಪರಿಷತ್ತು 2014ರಲ್ಲಿ ಪರಿಷ್ಕರಿಸಿದ ನೀತಿಸಂಹಿತೆ ಜಾಹೀರಾತಿನ ಮೂಲಕ ರೋಗಿಗಳನ್ನು ಸೆಳೆಯುವುದನ್ನು ಒಪ್ಪುವುದಿಲ್ಲ. ಬಂದುಹೋದವರ ಅನುಭವ ಕೇಳುವುದಕ್ಕೂ ಹೊಗಳಿಕೆ ಬರೆಸಿ ಗಿರಾಕಿ ಸೆಳೆಯುವುದಕ್ಕೂ ನಡುವಿನ ಗೆರೆ ತೆಳುವಾದದ್ದು. ಮೇಲಿನ ಸಂದೇಶ ಆ ಗೆರೆಯ ಈಚೆಗೆ ನಿಲ್ಲುತ್ತದೆ, ‘ಐದು ಸ್ಟಾರ್ ಕೊಡಿ’ ಎಂಬುದು ಆಚೆಗೆ ಹೋಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಕೌಂಟರಿನಲ್ಲಿ ನಿಂತು ‘ಸರ್, ಇಲ್ಲೇ ಈಗಲೇ ಹಾಕಿಬಿಡಿ’ ಎಂದು ಸಿಬ್ಬಂದಿ ನಿಮ್ಮ ಮೊಬೈಲಿನ ಪರದೆ ನೋಡುತ್ತ ನಿಂತರೆ ಅದೂ ಒತ್ತಾಯವೇ. ‘ಮನೆಗೆ ಹೋಗಿ ಬರೀತೀನಮ್ಮ’ ಎಂದು ಹೇಳಿ ಬಂದುಬಿಡಿ. ಆ ಹುಡುಗಿಗೆ ದಿನಕ್ಕಿಷ್ಟು ಬರೆಸಬೇಕೆಂಬ ಗುರಿ ಇರಬಹುದು, ಸಿಡುಕುವುದು ಬೇಡ.

ಬರೆದ ಮೇಲೆ ಏನಾಗುತ್ತದೆ ಎಂಬುದೂ ಅಷ್ಟೇ ಮುಖ್ಯ. ಕೆಟ್ಟ ಮಾತು ಬಂದಾಗ ಡಾಕ್ಟರಿಗೆ ನೋವಾಗುತ್ತದೆ, ತನ್ನ ಕಡೆಯ ಸತ್ಯ ಹೇಳಬೇಕೆನ್ನಿಸುತ್ತದೆ. ‘ನೀವು ಸಕ್ಕರೆ ಕಾಯಿಲೆಯ ವಿಷಯ ಮುಚ್ಚಿಟ್ಟಿರಿ, ಮಾತ್ರೆ ಸರಿಯಾಗಿ ತೆಗೆದುಕೊಳ್ಳಲಿಲ್ಲ’ ಎಂದು ಎಲ್ಲರೂ ಓದುವಲ್ಲಿ ಉತ್ತರ ಬರೆದುಬಿಡುತ್ತಾರೆ. ಅದು ನಿಜವೇ ಇರಬಹುದು, ಆದರೂ ಬರೆಯುವಂತಿಲ್ಲ. ಅಮೆರಿಕದ ಡಲ್ಲಾಸ್ ನಗರದ ಎಲೀಟ್ ಡೆಂಟಲ್ ಅಸೋಸಿಯೇಟ್ಸ್ ಎಂಬ ದಂತ ಚಿಕಿತ್ಸಾಲಯಕ್ಕೆ ಆದದ್ದು ಇದೇ. ಯೆಲ್ಪ್ ಎಂಬ ತಾಣದಲ್ಲಿ ರೋಗಿಯೊಬ್ಬರು ಬರೆದ ಅಭಿಪ್ರಾಯಕ್ಕೆ ಉತ್ತರಿಸುತ್ತ ಅವರು ರೋಗಿಯ ಮನೆತನದ ಹೆಸರನ್ನೂ ಆರೋಗ್ಯದ ವಿವರವನ್ನೂ ಬಯಲು ಮಾಡಿದ್ದರು. 2016ರಲ್ಲಿ ದೂರು ಹೋಯಿತು. ಅಲ್ಲಿನ ಆರೋಗ್ಯ ಇಲಾಖೆ ತನಿಖೆ ಮಾಡಿದಾಗ ಇನ್ನೂ ಹಲವು ರೋಗಿಗಳ ವಿವರ ಹಾಗೆಯೇ ಹೊರಬಿದ್ದಿರುವುದು ಕಂಡಿತು. 2019ರಲ್ಲಿ ಆ ಸಂಸ್ಥೆ 10,000 ಡಾಲರ್ ಕಟ್ಟಿ, ಎರಡು ವರ್ಷ ಇಲಾಖೆಯ ನಿಗಾದಲ್ಲಿ ಇರಲು ಒಪ್ಪಿ ಪ್ರಕರಣ ಮುಗಿಸಿಕೊಂಡಿತು. ಅಲ್ಲಿನ ಕಾನೂನು ನಮ್ಮಲ್ಲಿಲ್ಲ, ಆದರೆ ರೋಗಿಯ ಗುಟ್ಟು ಕಾಯಬೇಕೆಂಬ ಕರ್ತವ್ಯ ಇಲ್ಲಿನ ದಂತವೈದ್ಯರಿಗೂ ಇದೆ. ರೋಗಿ ತಾನೇ ಎಲ್ಲವನ್ನೂ ಬರೆದುಕೊಂಡಿದ್ದಾನೆ ಎಂಬುದು ಡಾಕ್ಟರಿಗೆ ಅನುಮತಿ ಕೊಟ್ಟಂತೆ ಆಗುವುದಿಲ್ಲ.

ಒಳ್ಳೆಯ ಉತ್ತರ ಚಿಕ್ಕದು: “ನಿಮ್ಮ ಮಾತು ಓದಿದೆವು, ಬೇಸರವಾಗಿರುವುದು ತಿಳಿಯಿತು. ಇಲ್ಲಿ ಯಾರ ಚಿಕಿತ್ಸೆಯ ಬಗ್ಗೆಯೂ ನಾವು ಮಾತಾಡುವಂತಿಲ್ಲ. ದಯವಿಟ್ಟು ಕ್ಲಿನಿಕ್ಕಿಗೆ ಫೋನ್ ಮಾಡಿ, ಡಾಕ್ಟರೇ ಮಾತಾಡುತ್ತಾರೆ.” ಬರೆದವರು ತಮ್ಮ ರೋಗಿ ಹೌದೋ ಅಲ್ಲವೋ ಎಂಬುದನ್ನು ಕೂಡ ಈ ಉತ್ತರ ಒಪ್ಪಿಕೊಂಡಿಲ್ಲ. ಕ್ಲಿನಿಕ್ ಆರಿಸುವಾಗ ಜನ ಸ್ಟಾರ್ ನೋಡುತ್ತಾರೆ. ಅದರ ಬದಲು ಒಂದು ಸ್ಟಾರಿನ ಬರಹಗಳಿಗೆ ಡಾಕ್ಟರು ಏನು ಉತ್ತರಿಸಿದ್ದಾರೆ ಎಂದು ಓದಿ. ಸಿಟ್ಟಿನ ಎದುರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದು ಅಲ್ಲಿ ಗೊತ್ತಾಗುತ್ತದೆ. ಒಂದೇ ವಾರದಲ್ಲಿ ಇಪ್ಪತ್ತು ಬರಹ ಬಂದು ಎಲ್ಲವೂ ಎರಡೆರಡು ಪದದ ಹೊಗಳಿಕೆಯಾಗಿದ್ದರೆ, ಬರೆದವರೆಲ್ಲ ಬೇರೆಲ್ಲೂ ಏನನ್ನೂ ಬರೆಯದ ಖಾತೆಯವರಾಗಿದ್ದರೆ ಅವುಗಳನ್ನು ಬದಿಗಿಡಿ.

ಕೊನೆಯದಾಗಿ, ಗೂಗಲ್ ಬರಹ ನ್ಯಾಯಾಲಯವಲ್ಲ. ಬೇರೆ ಹಲ್ಲು ಕಿತ್ತರು, ಒಪ್ಪಿಗೆ ಇಲ್ಲದೆ ಕೊರೆದರು, ದುಡ್ಡು ತೆಗೆದುಕೊಂಡು ಬಿಲ್ಲು ಕೊಡಲಿಲ್ಲ ಎಂಬಂಥ ದೂರು ಇದ್ದರೆ ಸ್ಟಾರಿನಿಂದ ಅದಕ್ಕೆ ಪರಿಹಾರ ಸಿಗುವುದಿಲ್ಲ. ಮೊದಲು ಕೇಸ್ ಪೇಪರು, ಎಕ್ಸ್‌ರೇ, ಬಿಲ್ಲು ಕೈಗೆ ತೆಗೆದುಕೊಳ್ಳಿ. ಇನ್ನೊಬ್ಬರ ಅಭಿಪ್ರಾಯಕ್ಕೆ ದಂತ ಕಾಲೇಜಿನ ಆಸ್ಪತ್ರೆಗೆ ಹೋಗಬಹುದು. ಬೆಂಗಳೂರಿನಲ್ಲಿ ಸರ್ಕಾರಿ ದಂತ ಕಾಲೇಜು ಇದೆ, ದಾವಣಗೆರೆ, ಧಾರವಾಡ, ಮಣಿಪಾಲ, ಮಂಗಳೂರು ಕಡೆಯವರಿಗೂ ಕಾಲೇಜುಗಳು ಹತ್ತಿರ. ವೈದ್ಯರ ನಡತೆಯ ಮೇಲಿನ ದೂರಿಗೆ ರಾಜ್ಯ ದಂತ ಪರಿಷತ್ತು, ಕ್ಲಿನಿಕ್ಕಿನ ಮೇಲಿನ ದೂರಿಗೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರ, ನಷ್ಟ ಪರಿಹಾರಕ್ಕೆ ಗ್ರಾಹಕರ ಆಯೋಗ ಇವೆ. ಬಯಲಿನಲ್ಲಿ ಬರೆಯುವಾಗ ‘ಕ್ಯಾಪಿನ ದರ ನನಗೆ ಮೊದಲು ಹೇಳಲಿಲ್ಲ’ ಎಂಬುದು ನೀವು ಕಂಡ ಸಂಗತಿ, ‘ಇವನು ಕಳ್ಳ’ ಎಂಬುದು ತೀರ್ಪು. ಮಾನಹಾನಿಯ ತಂಟೆ ಬರುವುದು ಎರಡನೆಯ ಬಗೆಯ ಮಾತಿನಿಂದ.

ಒಮ್ಮೆ ಬರೆದ ಅಭಿಪ್ರಾಯವನ್ನು ಗೂಗಲ್‌ನಲ್ಲಿ ಯಾವಾಗ ಬೇಕಾದರೂ ತೆರೆದು ತಿದ್ದಬಹುದು. ಮೊದಲ ವಾರದ ನೋವಿನಲ್ಲಿ ಅಥವಾ ಮೊದಲ ಗಂಟೆಯ ಖುಷಿಯಲ್ಲಿ ಬರೆದವರು, ವರ್ಷ ಕಳೆದು ಎಕ್ಸ್‌ರೇ ತೆಗೆಸಿದ ದಿನ ದಯವಿಟ್ಟು ಮರಳಿ ಹೋಗಿ ಆ ಹಲ್ಲು ಈಗ ಹೇಗಿದೆ ಎಂದು ಒಂದು ಸಾಲು ಸೇರಿಸಿ.